ಫೋಟೋದಲ್ಲಿ ಬಂದ ಬಿಡುವಿನ ಪಟ್ಟಿ, ಟೈಂಟೇಬಲ್‌ನಲ್ಲಿ ಬಿದ್ದ ಕ್ಲ್ಯಾಶ್: ಪದೇ ಪದೇ ಕೇಳುವ ಪ್ರಶ್ನೆಗಳು

ಜೂನ್ ಮೊದಲ ವಾರ ಸ್ಟಾಫ್ ರೂಮಿನಲ್ಲಿ ಒಂದು ಡ್ರಾಯಿಂಗ್ ಶೀಟ್ ಹರಡಿ, ಯಾರು ಯಾವಾಗ ಸಿಗುತ್ತಾರೆ ಎಂದು ಎಲ್ಲರೂ ಗುರುತು ಹಾಕುತ್ತಾರೆ. ಯಾರೋ ಅದರ ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕುತ್ತಾರೆ. ಟೈಂಟೇಬಲ್ ಮಾಡುವ ಮೇಷ್ಟ್ರು ರಾತ್ರಿ ಮನೆಯಲ್ಲಿ ಕೂತು ಆ ಫೋಟೋ ನೋಡಿಕೊಂಡೇ ಕೆಲಸ ಮುಗಿಸಬೇಕು. ಹಲವು ವರ್ಷ ಆ ಮೇಷ್ಟ್ರು ನಾನೇ ಆಗಿದ್ದೆ. ಅಕ್ಕಪಕ್ಕದ ಶಾಲೆಯವರು ಫೋನ್ ಮಾಡಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಇಲ್ಲಿನ ಉದಾಹರಣೆ ಎಂಥ ಶಾಲೆಯದು?

ಸಣ್ಣ ಸರ್ಕಾರಿ ಪ್ರೌಢಶಾಲೆ. 8, 9, 10, ಮೂರೇ ತರಗತಿ, ಒಂದೊಂದೇ ವಿಭಾಗ. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ 7 ಪಿರಿಯಡ್, ನಾಲ್ಕನೆಯದರ ನಂತರ ಊಟ. ಶನಿವಾರ ಬೆಳಗ್ಗೆ 4. ಒಟ್ಟು ವಾರಕ್ಕೆ 39. ಹಿಂದಿ ಮೇಷ್ಟ್ರಿಗೆ ಇನ್ನೊಂದು ಶಾಲೆಗೂ ನಿಯೋಜನೆ ಇದೆ, ಹಾಗಾಗಿ ನಮ್ಮಲ್ಲಿಗೆ ಎರಡೇ ದಿನ ಬರುತ್ತಾರೆ. ಗಣಿತಕ್ಕೆ ಅತಿಥಿ ಶಿಕ್ಷಕರು, ಊಟದ ತನಕ ಮಾತ್ರ ಇರುತ್ತಾರೆ. ವಿಜ್ಞಾನ ಮೇಡಂ ಬುಧವಾರ ಮಧ್ಯಾಹ್ನ ಸಿಗುವುದಿಲ್ಲ. ಉಳಿದವರು ವಾರಪೂರ್ತಿ ಇರುತ್ತಾರೆ. ನಿಮ್ಮ ಶಾಲೆ ಇದಕ್ಕಿಂತ ದೊಡ್ಡದಿದ್ದರೂ ಕೆಲಸದ ಕ್ರಮ ಇದೇ, ಹಾಳೆ ಮಾತ್ರ ಅಗಲ.

ಫೋಟೋದಲ್ಲಿ ಟಿಕ್ ಹಾಕಿದ್ದರೆ ಬಿಡುವು ಅಂತಲೋ, ಬರಲಾಗಲ್ಲ ಅಂತಲೋ?

ಊಹೆ ಮಾಡಬೇಡಿ, ಕೇಳಿಬಿಡಿ. ಒಂದೇ ಹಾಳೆಯಲ್ಲಿ ಒಬ್ಬರು ತಾವು ಸಿಗುವ ಪಿರಿಯಡ್‌ಗೆ ಟಿಕ್ ಹಾಕಿರುತ್ತಾರೆ, ಕೆಳಗಿನ ಸಾಲಿನವರು ತಮಗೆ ಬೇರೆ ಕೆಲಸ ಇರುವ ಪಿರಿಯಡ್‌ಗೆ ಟಿಕ್ ಹಾಕಿರುತ್ತಾರೆ. ಗುರುತಿಸಲು ಒಂದು ಸುಳಿವಿದೆ. ವಾರಪೂರ್ತಿ ಶಾಲೆಯಲ್ಲೇ ಇರುವವರ ಸಾಲಿನಲ್ಲಿ ಮೂರೋ ನಾಲ್ಕೋ ಟಿಕ್ ಮಾತ್ರ ಕಂಡರೆ ಅವರು ಉಲ್ಟಾ ಅರ್ಥದಲ್ಲಿ ಹಾಕಿದ್ದಾರೆ ಎಂದೇ ತಿಳಿಯಿರಿ. ಖಾಲಿ ಬಿಟ್ಟ ಮನೆ ಇನ್ನೂ ಅಪಾಯ, ಅದು 'ಸಿಗುತ್ತೇನೆ'ಯೂ ಆಗಬಹುದು, 'ಆಮೇಲೆ ಬರೆಯೋಣ'ವೂ ಆಗಬಹುದು. ಮುಂದಿನ ಸಲ ಹಾಳೆಯ ತಲೆಯ ಮೇಲೆ 'ಸಿಗುವ ಪಿರಿಯಡ್‌ಗೆ 1, ಸಿಗದಿದ್ದರೆ 0, ಖಾಲಿ ಬಿಡಬಾರದು' ಎಂದು ಬರೆದೇ ಕೊಡಿ.

ಫೋಟೋ ಹೇಗೆ ತೆಗೆದರೆ ಓದಲು ಬರುತ್ತದೆ?

ಹಾಳೆಯನ್ನು ಗೋಡೆಯಿಂದ ಇಳಿಸಿ ಮೇಜಿನ ಮೇಲೆ ಹಾಕಿ, ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ನೇರ ಮೇಲಿಂದ ತೆಗೆಯಿರಿ. ಇಡೀ ಹಾಳೆಯದು ಒಂದು, ಎಡ ಅರ್ಧ ಮತ್ತು ಬಲ ಅರ್ಧದ್ದು ಒಂದೊಂದು. ಎರಡೂ ಅರ್ಧದಲ್ಲಿ ಹೆಸರಿನ ಕಾಲಂ ಕಾಣಬೇಕು. ಬಲ ಅರ್ಧದಲ್ಲಿ ಹೆಸರು ಬೀಳದಿದ್ದರೆ ಒಂದು ಪಟ್ಟಿ ಕಾಗದದಲ್ಲಿ ಹೆಸರು ಬರೆದು ಪಕ್ಕಕ್ಕಿಟ್ಟುಕೊಂಡು ತೆಗೆಯಿರಿ. ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ಮಾಮೂಲಿ ಫೋಟೋ ಆಗಿ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ, ಪೆನ್ಸಿಲ್ ಗುರುತು ಮೊದಲು ಮಾಯವಾಗುತ್ತದೆ.

ನಾನು ಓದಿಕೊಂಡದ್ದು ಸರಿಯಿದೆ ಎಂದು ಗೊತ್ತಾಗುವುದು ಹೇಗೆ?

ಪ್ರತಿಯೊಬ್ಬರ ಸಾಲಿನ ಕೊನೆಗೆ ಅವರ ಕೈಯಲ್ಲೇ ಒಟ್ಟು ಎಷ್ಟು ಪಿರಿಯಡ್ ಸಿಗುತ್ತಾರೆ ಎಂದು ಬರೆಸಿಕೊಳ್ಳಿ. ನೀವು ಫೋಟೋದಿಂದ ಇಳಿಸಿಕೊಂಡ ಸಾಲನ್ನು ಕೂಡಿ. ಎರಡೂ ಹೊಂದಿದರೆ ಮುಂದಕ್ಕೆ, ಇಲ್ಲದಿದ್ದರೆ ಫೋನ್ ಮಾಡಿ. ವ್ಯತ್ಯಾಸ ಎಷ್ಟು ಎನ್ನುವುದೇ ತಪ್ಪು ಎಲ್ಲಿದೆ ಎಂದು ಹೇಳುತ್ತದೆ. 3 ಬಂದರೆ ಒಂದು ಮಧ್ಯಾಹ್ನ ತಪ್ಪಿಹೋಗಿದೆ, 7 ಬಂದರೆ ಒಂದು ದಿನ.

ಇಷ್ಟಾದರೂ ನಾನು ಒಮ್ಮೆ ಮೋಸಹೋದೆ. ವಿಜ್ಞಾನ ಮೇಡಂ ಬುಧವಾರ ಮಧ್ಯಾಹ್ನದ ಮೂರು ಮನೆಗೆ ಪೆನ್ಸಿಲ್‌ನಲ್ಲಿ ಸಣ್ಣ ಇಂಟು ಹಾಕಿದ್ದರು. ಫ್ಲ್ಯಾಶ್ ಬೆಳಕಿಗೆ ಅದು ಬಿಳುಚಿಕೊಂಡು ಏನೂ ಕಾಣದಂತಾಗಿತ್ತು. ಅವರಿಗೆ ಇಂಟು ಎಂದರೆ ಇಲ್ಲ, ಖಾಲಿ ಎಂದರೆ ಸಿಗುತ್ತೇನೆ. ನಾನು 39 ಎಂದು ಕೂಡಿದೆ. ಸಾಲಿನ ಕೊನೆಗೆ ನೋಡಿದರೆ ಕನ್ನಡ ಅಂಕಿಯಲ್ಲಿ ೩೯ ಎಂದೇ ಇತ್ತು. ಅಬ್ಬಾ, ಸರಿಹೋಯಿತು ಎಂದುಕೊಂಡೆ. ಅವರು ಬರೆದಿದ್ದು ೩೬. ಅವಸರದ ಕೈಬರಹದಲ್ಲಿ, ಮಸುಕು ಫೋಟೋದಲ್ಲಿ, ೬ ಮತ್ತು ೯ ಅಣ್ಣತಮ್ಮಂದಿರು. ಅಂದಿನಿಂದ ಒಟ್ಟು ಸಂಖ್ಯೆಯನ್ನು ಅಕ್ಷರದಲ್ಲೂ ಬರೆಸುತ್ತೇನೆ, ಚೆಕ್ ಬರೆಯುವ ಹಾಗೆ.

ಇನ್ನೊಂದು ಪರೀಕ್ಷೆ ಶನಿವಾರದ್ದು. ಶನಿವಾರಕ್ಕೆ ಇರುವುದು ನಾಲ್ಕೇ ಮನೆ. ನಿಮ್ಮ ಪಟ್ಟಿಯಲ್ಲಿ ಯಾರದ್ದಾದರೂ ಐದನೆಯ ಮನೆಗೆ ಗುರುತು ಬಿದ್ದಿದ್ದರೆ ಆ ಸಾಲು ಪೂರ್ತಿ ಒಂದು ಮನೆ ಸರಿದಿದೆ ಎಂದರ್ಥ. ಸಾಮಾನ್ಯ ಕಾರಣ: ಹಾಳೆ ಗೆರೆ ಹಾಕಿದವರು ಊಟಕ್ಕೂ ಒಂದು ಮನೆ ಬಿಟ್ಟಿರುತ್ತಾರೆ, ನೀವು ಅದನ್ನು ಐದನೆಯ ಪಿರಿಯಡ್ ಎಂದು ಎಣಿಸಿರುತ್ತೀರಿ.

ಎಷ್ಟು ಅದಲುಬದಲು ಮಾಡಿದರೂ ಒಂದೇ ಒಂದು ಪಿರಿಯಡ್ ಹೊರಗೇ ಉಳಿಯುತ್ತಿದೆ. ಎಲ್ಲಿ ತಪ್ಪಿದ್ದೇನೆ?

ಬಹುಶಃ ಎಲ್ಲೂ ತಪ್ಪಿಲ್ಲ, ಲೆಕ್ಕವೇ ಕೂಡುವುದಿಲ್ಲ. ಟೈಂಟೇಬಲ್‌ಗೆ ಕೈ ಹಾಕುವ ಮೊದಲು ಪ್ರತಿ ಶಿಕ್ಷಕರಿಗೂ ಎರಡು ಸಂಖ್ಯೆ ಬರೆಯಿರಿ: ಬೇಕಾದದ್ದು, ಸಿಗುವುದು. ನಮ್ಮಲ್ಲಿ ಹಿಂದಿ ತರಗತಿಗೆ ವಾರಕ್ಕೆ 4, ಮೂರು ತರಗತಿಗೆ 12. ಹಿಂದಿ ಮೇಷ್ಟ್ರು ಸೋಮವಾರ ಬಸ್ಸು ತಡವಾಗಿ ಬರುವುದರಿಂದ ಎರಡನೆಯ ಪಿರಿಯಡ್‌ನಿಂದ ಸಿಗುತ್ತಾರೆ, ಅಂದರೆ 6. ಬುಧವಾರ ಒಂದರಿಂದ ಐದು, ಅಂದರೆ 5. ಒಟ್ಟು 11. ಹನ್ನೊಂದರ ಜಾಗದಲ್ಲಿ ಹನ್ನೆರಡನ್ನು ಯಾವ ಜಾಣನೂ ಕೂರಿಸಲಾರ. ಇದು ಗೊತ್ತಿಲ್ಲದೆ ಮೂರು ಸಂಜೆ ರಬ್ಬರ್ ಸವೆಸಿದವರನ್ನು ನಾನು ಬಲ್ಲೆ.

ಇಂಥ ಕಡೆ ಪರಿಹಾರ ಹಾಳೆಯ ಮೇಲಿಲ್ಲ, ಮಾತುಕತೆಯಲ್ಲಿದೆ. ಎಚ್.ಎಂ. ಆ ಇನ್ನೊಂದು ಶಾಲೆಯ ಎಚ್.ಎಂ. ಜೊತೆ ಮಾತಾಡಿ ಬುಧವಾರದ ಆರನೆಯ ಪಿರಿಯಡ್ ಬಿಡಿಸಿಕೊಂಡರು. ಈಗ 12ಕ್ಕೆ 12. ಕೂಡಿತು, ಆದರೆ ಒಂದು ಪಿರಿಯಡ್‌ನಷ್ಟೂ ಸಡಿಲ ಇಲ್ಲ. ಆ ಎರಡು ದಿನ ಮೇಷ್ಟ್ರು ಉಸಿರು ಬಿಡುವಂತಿಲ್ಲ. ಅದನ್ನು ಅವರಿಗೆ ಮೊದಲೇ ಹೇಳಿ ಒಪ್ಪಿಸಿಕೊಳ್ಳುವುದು ಒಳ್ಳೆಯದು, ನೋಟೀಸ್ ಬೋರ್ಡ್‌ನಲ್ಲಿ ನೋಡಿ ತಿಳಿಯುವಂತಾಗಬಾರದು.

ಗಣಿತಕ್ಕೆ ತರಗತಿಗೆ 6ರಂತೆ 18 ಬೇಕು, ದಿನಕ್ಕೆ 4ರಂತೆ 24 ಸಿಗುತ್ತದೆ. ವಿಜ್ಞಾನಕ್ಕೂ 18 ಬೇಕು, ಸಿಗುವುದು 36. ಅಲ್ಲಿ ತೊಂದರೆ ಇಲ್ಲ.

ಯಾರನ್ನು ಮೊದಲು ಕೂರಿಸಬೇಕು?

ಸಡಿಲ ಕಡಿಮೆ ಇರುವವರನ್ನು. ಹಿಂದಿಯದು 0, ಗಣಿತದ್ದು 6, ವಿಜ್ಞಾನದ್ದು 18. ಅದೇ ಕ್ರಮ. ಬಹಳ ಶಾಲೆಗಳಲ್ಲಿ ಹಿರಿಯ ಶಿಕ್ಷಕರು ಮೊದಲು ತಮಗೆ ಬೇಕಾದ ಪಿರಿಯಡ್ ಹೇಳುತ್ತಾರೆ, ಅತಿಥಿ ಶಿಕ್ಷಕರು ಮತ್ತು ನಿಯೋಜನೆಯವರು ಕೊನೆಗೆ ಬರುತ್ತಾರೆ. ಮರ್ಯಾದೆಗೆ ಅದು ಸರಿ ಇರಬಹುದು, ಕ್ಲ್ಯಾಶ್‌ಗಳಲ್ಲಿ ಅರ್ಧ ಹುಟ್ಟುವುದು ಅಲ್ಲಿಂದಲೇ. ವಾರಪೂರ್ತಿ ಇರುವವರನ್ನು ಎಲ್ಲಿ ಬೇಕಾದರೂ ಹಾಕಬಹುದು, ಎರಡು ದಿನ ಬರುವವರನ್ನು ಹಾಕಲಾಗದು.

ಎಲ್ಲ ಕೂರಿಸಿದ ಮೇಲೆ ಒಂದು ಕ್ಲ್ಯಾಶ್ ಉಳಿದಿದೆ. ಪಟ್ಟಿ ಹರಿದು ಮತ್ತೆ ಮೊದಲಿಂದ ಮಾಡಬೇಕೇ?

ಬೇಡ. ಬುಧವಾರದ ನಮ್ಮ ಪಟ್ಟಿಯನ್ನೇ ನೋಡಿ. ಮೇಡಂ ಬಂದು 'ಮಧ್ಯಾಹ್ನ ನಾನಿಲ್ಲ ಅಂತ ಹಾಕಿದ್ದೆನಲ್ಲ ಸರ್' ಎಂದಾಗ ಅದು ಹೀಗಿತ್ತು:

| ಪಿರಿಯಡ್ | 8 | 9 | 10 |
|---|---|---|---|
| 1 | ಹಿಂದಿ | ಕನ್ನಡ | ಗಣಿತ |
| 2 | ಇಂಗ್ಲಿಷ್ | ಹಿಂದಿ | ವಿಜ್ಞಾನ |
| 3 | ಗಣಿತ | ವಿಜ್ಞಾನ | ಹಿಂದಿ |
| 4 | ಹಿಂದಿ | ಗಣಿತ | ಕನ್ನಡ |
| 5 | ವಿಜ್ಞಾನ | ಹಿಂದಿ | ಇಂಗ್ಲಿಷ್ |
| 6 | ಕನ್ನಡ | ಸಮಾಜ | ಹಿಂದಿ |
| 7 | ಪಿ.ಟಿ. | ಇಂಗ್ಲಿಷ್ | ಸಮಾಜ |

ಎಂಟನೆಯ ತರಗತಿಯ ಐದನೆಯ ಪಿರಿಯಡ್‌ನ ವಿಜ್ಞಾನ ಬೆಳಗ್ಗೆಗೆ ಹೋಗಬೇಕು. ಎರಡು ಮತ್ತು ಮೂರರಲ್ಲಿ ಮೇಡಂ ಬೇರೆ ತರಗತಿಯಲ್ಲಿದ್ದಾರೆ. ಉಳಿದದ್ದು ಒಂದು ಮತ್ತು ನಾಲ್ಕು. ಎರಡರಲ್ಲೂ ಎಂಟನೆಯವರಿಗೆ ಹಿಂದಿ ಇದೆ. ಹಿಂದಿಯನ್ನು ಐದಕ್ಕೆ ಇಳಿಸೋಣವೆಂದರೆ ಮೇಷ್ಟ್ರು ಐದರಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದಾರೆ. ಸಾಮಾನ್ಯವಾಗಿ ಜನ ಇಲ್ಲಿಗೇ ಕೈಚೆಲ್ಲುತ್ತಾರೆ. ಖಾಲಿ ಜಾಗ ಹುಡುಕುವುದನ್ನು ಬಿಟ್ಟು, ಎರಡೇ ಪಿರಿಯಡ್‌ಗಳನ್ನು ಹಿಡಿದುಕೊಂಡು ಒಂದು ತರಗತಿಯಿಂದ ಇನ್ನೊಂದಕ್ಕೆ ಅದಲುಬದಲನ್ನು ದಾಟಿಸುತ್ತ ಹೋಗಬೇಕು. ನಾವು ಇದನ್ನು ಸರಪಳಿ ಎನ್ನುತ್ತೇವೆ.

ಮೊದಲು ನಾಲ್ಕು ಮತ್ತು ಐದನ್ನು ಹಿಡಿದು ನೋಡಿ. ಎಂಟರಲ್ಲಿ ವಿಜ್ಞಾನ ನಾಲ್ಕಕ್ಕೆ, ಹಿಂದಿ ಐದಕ್ಕೆ. ಐದರಲ್ಲಿ ಹಿಂದಿ ಡಬಲ್ ಬಿತ್ತು, ಆದ್ದರಿಂದ ಒಂಬತ್ತರಲ್ಲೂ ನಾಲ್ಕು, ಐದು ಬದಲಿಸಿ: ಹಿಂದಿ ನಾಲ್ಕಕ್ಕೆ, ಗಣಿತ ಐದಕ್ಕೆ. ಆದರೆ ಗಣಿತದವರು ಊಟದ ನಂತರ ಇರುವುದಿಲ್ಲ. ಸರಪಳಿ ಗೋಡೆಗೆ ಹೊಡೆಯಿತು. ಹಿಂದಕ್ಕೆ ಹಾಕಿ.

ಈಗ ಒಂದು ಮತ್ತು ಐದು. ಎಂಟರಲ್ಲಿ ವಿಜ್ಞಾನ ಒಂದಕ್ಕೆ, ಹಿಂದಿ ಐದಕ್ಕೆ. ಹಿಂದಿ ಡಬಲ್ ಆಗುವುದರಿಂದ ಒಂಬತ್ತರಲ್ಲಿ ಹಿಂದಿ ಒಂದಕ್ಕೆ, ಕನ್ನಡ ಐದಕ್ಕೆ. ಐದರಲ್ಲಿ ಕನ್ನಡದವರು ಬೇರೆಲ್ಲೂ ಇಲ್ಲ, ಶಾಲೆಯಲ್ಲೂ ಇರುತ್ತಾರೆ. ಸರಪಳಿ ಮುಗಿಯಿತು. ಹತ್ತನೆಯ ತರಗತಿಯನ್ನು ಮುಟ್ಟಲೇ ಇಲ್ಲ.

ಒಂದು ಕಿರಿಕಿರಿ ಉಳಿಯಿತು. ಒಂಬತ್ತನೆಯವರಿಗೆ ಒಂದು, ಎರಡು ಎರಡೂ ಹಿಂದಿ. ಅದಕ್ಕೂ ಅದೇ ಮದ್ದು, ಎರಡು ಮತ್ತು ಮೂರನ್ನು ಹಿಡಿಯಿರಿ. ಒಂಬತ್ತರಲ್ಲಿ ವಿಜ್ಞಾನ ಎರಡಕ್ಕೆ, ಹಿಂದಿ ಮೂರಕ್ಕೆ. ಎರಡರಲ್ಲಿ ವಿಜ್ಞಾನ, ಮೂರರಲ್ಲಿ ಹಿಂದಿ ಹತ್ತರ ಜೊತೆ ತಾಗುತ್ತವೆ, ಹಾಗಾಗಿ ಹತ್ತರಲ್ಲೂ ಎರಡು, ಮೂರು ಬದಲಿಸಿ. ಮುಗಿಯಿತು. ಕೊನೆಗೆ ಉಳಿದದ್ದು:

| ಪಿರಿಯಡ್ | 8 | 9 | 10 |
|---|---|---|---|
| 1 | ವಿಜ್ಞಾನ | ಹಿಂದಿ | ಗಣಿತ |
| 2 | ಇಂಗ್ಲಿಷ್ | ವಿಜ್ಞಾನ | ಹಿಂದಿ |
| 3 | ಗಣಿತ | ಹಿಂದಿ | ವಿಜ್ಞಾನ |
| 4 | ಹಿಂದಿ | ಗಣಿತ | ಕನ್ನಡ |
| 5 | ಹಿಂದಿ | ಕನ್ನಡ | ಇಂಗ್ಲಿಷ್ |
| 6 | ಕನ್ನಡ | ಸಮಾಜ | ಹಿಂದಿ |
| 7 | ಪಿ.ಟಿ. | ಇಂಗ್ಲಿಷ್ | ಸಮಾಜ |

ಎಂಟನೆಯವರಿಗೆ ಊಟಕ್ಕೆ ಮುಂಚೆಯೂ ಹಿಂದಿ, ಊಟವಾದ ಮೇಲೂ ಹಿಂದಿ. ಮಕ್ಕಳು ಗೊಣಗಿದರು. ನಡುವೆ ಊಟ ಇದೆಯಲ್ಲ ಎಂದು ಬಿಟ್ಟುಬಿಟ್ಟೆ. ಮೇಡಂಗೆ ಸತತ ಮೂರು ಪಿರಿಯಡ್ ಬಿತ್ತು, ಮಧ್ಯಾಹ್ನ ಹೇಗೂ ಹೊರಡಬೇಕಾದ್ದರಿಂದ ಅವರಿಗೆ ಅದೇ ಇಷ್ಟವಾಯಿತು.

ಒಂದು ಎಚ್ಚರಿಕೆ: ಸರಪಳಿ ಪೂರ್ತಿ ಮುಗಿಯುವವರೆಗೆ ಮೂಲ ಪಟ್ಟಿಯನ್ನು ಅಳಿಸಬೇಡಿ. ಬದಲಾವಣೆಗಳನ್ನು ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ. ಗೋಡೆಗೆ ಹೊಡೆದಾಗ ಎಲ್ಲಿಂದ ಹೊರಟಿದ್ದೆವು ಎಂದು ಗೊತ್ತಿರಬೇಕು.

ಸರಪಳಿ ಯಾವಾಗಲೂ ಮುಗಿಯುತ್ತದೆಯೇ?

ಎಲ್ಲ ಶಿಕ್ಷಕರೂ ಎಲ್ಲ ಹೊತ್ತೂ ಸಿಗುವಂತಿದ್ದರೆ ಮುಗಿದೇ ಮುಗಿಯುತ್ತದೆ. ಹಂಗೇರಿಯ ಗಣಿತಜ್ಞ ದೇನೆಷ್ ಕೋನಿಗ್ 1916ರಲ್ಲಿ ಸಾಧಿಸಿ ತೋರಿಸಿದ ಪ್ರಮೇಯವೊಂದನ್ನು ನಮ್ಮ ಶಾಲೆಗೆ ಇಳಿಸಿದರೆ ಹೀಗಾಗುತ್ತದೆ: ಯಾವ ಶಿಕ್ಷಕರಿಗೂ, ಯಾವ ತರಗತಿಗೂ ವಾರಕ್ಕೆ 39ಕ್ಕಿಂತ ಹೆಚ್ಚು ಪಾಠ ಇಲ್ಲದಿದ್ದರೆ 39 ಪಿರಿಯಡ್‌ಗಳಲ್ಲಿ ಕ್ಲ್ಯಾಶ್ ಇಲ್ಲದ ಟೈಂಟೇಬಲ್ ಖಂಡಿತ ಇದೆ. ಅಲ್ಲಿ ಸರಪಳಿ ಒಂದೊಂದು ತರಗತಿ ದಾಟುತ್ತ ಹೋಗಿ ಎಲ್ಲೋ ಒಂದು ಕಡೆ ನಿಲ್ಲಲೇಬೇಕು, ಹೊರಟಲ್ಲಿಗೆ ಮರಳಿ ಬಂದು ಸಿಕ್ಕಿಕೊಳ್ಳುವಂತಿಲ್ಲ.

ಬಿಡುವಿನ ಪಟ್ಟಿ ಬಂದ ಕೂಡಲೇ ಈ ಭರವಸೆ ಹೋಗುತ್ತದೆ. ಗಣಿತದವರು ಮಧ್ಯಾಹ್ನ ಇಲ್ಲ ಎಂಬ ಒಂದು ಸೊನ್ನೆಯೇ ಮೇಲಿನ ಸರಪಳಿಯನ್ನು ಕಡಿಯಿತಲ್ಲ. ಶಿಮೋನ್ ಈವನ್, ಅಲೋನ್ ಇಟಾಯ್, ಆದಿ ಶಮೀರ್ ಎಂಬ ಮೂವರು 1976ರಲ್ಲಿ ತೋರಿಸಿದ ಪ್ರಕಾರ, ಶಿಕ್ಷಕರ ಬಿಡುವಿನ ನಿರ್ಬಂಧ ಸೇರಿದರೆ ಟೈಂಟೇಬಲ್ ಸಮಸ್ಯೆ ಕಂಪ್ಯೂಟರ್ ವಿಜ್ಞಾನದ ಅತಿ ಕಠಿಣ ಸಮಸ್ಯೆಗಳ ಗುಂಪಿಗೆ ಸೇರುತ್ತದೆ. ಎಲ್ಲ ಸಂದರ್ಭಕ್ಕೂ ಬೇಗನೆ ಉತ್ತರ ಕೊಡುವ ಒಂದು ವಿಧಾನ ಯಾರಿಗೂ ಸಿಕ್ಕಿಲ್ಲ. ಆ ಶಮೀರ್ ಬ್ಯಾಂಕಿನ ಗುಪ್ತಲಿಪಿಗೆಲ್ಲ ಬಳಕೆಯಾಗುವ ಆರ್‌ಎಸ್‌ಎ ವಿಧಾನದ ಮೂವರಲ್ಲಿ ಒಬ್ಬರು. ನಿಮಗೆ ರಾತ್ರಿ ಹನ್ನೊಂದಕ್ಕೆ ತಲೆ ಕೆಟ್ಟರೆ ಅದು ನಿಮ್ಮ ದಡ್ಡತನ ಅಲ್ಲ ಎಂದು ಹೇಳಲಿಕ್ಕೆ ಇಷ್ಟು ಬರೆದೆ.

ಸರಪಳಿ ಗೋಡೆಗೆ ಹೊಡೆದರೆ ಬೇರೆ ಜೋಡಿ ಪಿರಿಯಡ್ ಹಿಡಿಯಿರಿ. ದಿನದೊಳಗೆ ಆಗದಿದ್ದರೆ ಬೇರೆ ದಿನದ ಪಿರಿಯಡ್ ಜೊತೆ ಜೋಡಿಸಿ, ಉದಾಹರಣೆಗೆ ಬುಧವಾರ 5 ಮತ್ತು ಗುರುವಾರ 2. ಆಗ ಒಂದು ತರಗತಿಗೆ ಒಂದೇ ದಿನ ಒಂದೇ ವಿಷಯ ಎರಡು ಸಲ ಬರುತ್ತದೆಯೇ ಎಂದು ಮಾತ್ರ ನೋಡಿಕೊಳ್ಳಿ. ಎಲ್ಲ ಸರಪಳಿಗಳೂ ಒಬ್ಬರದೇ ಸೊನ್ನೆಗೆ ಹೊಡೆಯುತ್ತಿದ್ದರೆ ಅವರ ಬಳಿ ಹೋಗಿ ಒಂದು ಪಿರಿಯಡ್ ಕೇಳಿ. 'ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ ಸರ್' ಎಂದರೆ ಯಾರೂ ಬಗ್ಗುವುದಿಲ್ಲ, 'ಗುರುವಾರ ಐದನೆಯದು ಒಂದು ಕೊಟ್ಟರೆ ಮೂರು ಕ್ಲ್ಯಾಶ್ ಹೋಗುತ್ತೆ' ಎಂದು ಹಾಳೆ ತೋರಿಸಿದರೆ ಒಪ್ಪುತ್ತಾರೆ.

ಕಂಪ್ಯೂಟರ್‌ನಲ್ಲಿ ಕ್ಲ್ಯಾಶ್ ತಾನಾಗಿ ಕೆಂಪಾಗುವಂತೆ ಮಾಡಬಹುದೇ?

ಮಾಡಬಹುದು. ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್‌ನಲ್ಲಿ ಒಂದು ಶೀಟ್‌ಗೆ `TT` ಎಂದು ಹೆಸರಿಡಿ. A ಕಾಲಂನಲ್ಲಿ ಪಿರಿಯಡ್‌ಗಳು, `Mon1`ರಿಂದ `Sat4`ರವರೆಗೆ 39 ಸಾಲು. B, C, Dಯಲ್ಲಿ 8, 9, 10ನೆಯ ತರಗತಿ. ಮನೆಗಳಲ್ಲಿ ಶಿಕ್ಷಕರ ಕೋಡ್: `HIN`, `SCI`, `MAT` ಹೀಗೆ. B2ರಿಂದ D40ರವರೆಗೆ ಆಯ್ದು ಕಂಡೀಷನಲ್ ಫಾರ್ಮ್ಯಾಟಿಂಗ್‌ನಲ್ಲಿ ಇದನ್ನು ಹಾಕಿ:

```
=AND(B2<>"",COUNTIF($B2:$D2,B2)>1)
```

ಒಂದೇ ಸಾಲಿನಲ್ಲಿ ಒಂದೇ ಕೋಡ್ ಎರಡು ಸಲ ಬಂದರೆ ಎರಡೂ ಮನೆ ಬಣ್ಣ ಬದಲಿಸುತ್ತವೆ.

ಬಿಡುವಿನ ಪಟ್ಟಿಗೆ `Avail` ಎಂಬ ಇನ್ನೊಂದು ಶೀಟ್. ಅದೇ 39 ಸಾಲು ಅದೇ ಕ್ರಮದಲ್ಲಿ, ಮೇಲೆ B1ರಿಂದ H1ರವರೆಗೆ ಏಳು ಕೋಡ್, ಒಳಗೆ 1 ಮತ್ತು 0. ಫೋಟೋ ನೋಡಿ ತುಂಬಬೇಕಾದ ಶೀಟ್ ಇದೇ. ನಂತರ `TT`ಯಲ್ಲಿ F2ರಲ್ಲಿ ಇದನ್ನು ಬರೆದು H40ರವರೆಗೆ ಎಳೆಯಿರಿ:

```
=INDEX(Avail!$B2:$H2,MATCH(B2,Avail!$B$1:$H$1,0))
```

ಎಲ್ಲಿ 0 ಕಾಣುತ್ತದೋ ಆ ಪಿರಿಯಡ್‌ಗೆ ಹಾಕಿದ ಶಿಕ್ಷಕರು ಅಲ್ಲಿ ಸಿಗುವುದಿಲ್ಲ. `#N/A` ಬಂದರೆ ಮನೆ ಖಾಲಿ ಇದೆ, ಇಲ್ಲವೇ ಕೋಡ್ ತಪ್ಪಾಗಿ ಟೈಪ್ ಆಗಿದೆ. `HIN` ಆದಮೇಲೆ ಒಂದು ಸ್ಪೇಸ್ ಬಿದ್ದಿದ್ದರೂ ಕಣ್ಣಿಗೆ ಅದೇ ಕೋಡ್, ಶೀಟ್‌ಗೆ ಬೇರೆ ಕೋಡ್. ಮೊದಲ ಸೂತ್ರ ಅಂಥ ಕ್ಲ್ಯಾಶನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ, ಎರಡನೆಯದು ಹಿಡಿಯುತ್ತದೆ. ಅದಕ್ಕೇ ಎರಡೂ ಇರಲಿ.

ಟೈಂಟೇಬಲ್ ಸಾಫ್ಟ್‌ವೇರ್ ಇದೆಯಲ್ಲ, ಇಷ್ಟೆಲ್ಲ ಯಾಕೆ?

ಇದೆ. `FET` ಎಂಬುದು ಉಚಿತ, ಶಿಕ್ಷಕರು ಸಿಗದ ಹೊತ್ತನ್ನೂ ಅದರಲ್ಲಿ ಕೊಡಬಹುದು. ಎಂಟು ಹತ್ತು ವಿಭಾಗ ಇರುವ ಶಾಲೆಗೆ ನಾನು ಅದನ್ನೇ ಹೇಳುತ್ತೇನೆ. ಮೂರು ನಾಲ್ಕು ತರಗತಿಗೆ ಕೈಯಲ್ಲೇ ಮಾಡುವುದು ಬೇಗ. ಹೇಗೆ ಮಾಡಿದರೂ ಫೋಟೋ ತಪ್ಪು ಓದಿದ್ದರೆ, ಹನ್ನೊಂದಕ್ಕೆ ಹನ್ನೆರಡು ತುರುಕಿದ್ದರೆ ಸಾಫ್ಟ್‌ವೇರ್‌ಗೂ ದಾರಿ ಇಲ್ಲ. ತಪ್ಪು ಸೊನ್ನೆಯ ಮೇಲೆ ಅಂದವಾದ ಟೈಂಟೇಬಲ್ ಮುದ್ರಿಸಿ ಕೊಡುತ್ತದೆ, ಅದು ಗೊತ್ತಾಗುವುದು ಬುಧವಾರ ಮಧ್ಯಾಹ್ನ ಮಕ್ಕಳು ಗದ್ದಲ ಮಾಡಿದಾಗ.

ಪಿ.ಟಿ.ಗೆ ಎರಡು ತರಗತಿ ಒಟ್ಟಿಗೆ ಬಿಡುತ್ತೇವೆ. ಅದೂ ಕ್ಲ್ಯಾಶ್ ಎಂದು ಕೆಂಪಾಗುತ್ತಿದೆ.

ಅದು ಬೇಕೆಂದೇ ಮಾಡಿದ ಡಬಲ್. ಆ ಪಿರಿಯಡ್‌ಗೆ ಒಂದು ತರಗತಿಯಲ್ಲಿ `PT`, ಇನ್ನೊಂದರಲ್ಲಿ `PT2` ಎಂದು ಕೊಟ್ಟು `Avail`ನಲ್ಲಿ `PT2`ಗೂ ಒಂದು ಕಾಲಂ ಸೇರಿಸಿ, ಸೂತ್ರದ `H`ಗಳನ್ನು `I` ಮಾಡಿ. ಆದರೆ ಸರಪಳಿ ನಡೆಸುವಾಗ ಆ ಎರಡು ಮನೆಯನ್ನು ಒಟ್ಟಿಗೇ ಸರಿಸಬೇಕು ಎನ್ನುವುದು ನೆನಪಿರಲಿ. ಒಂದನ್ನು ಮಾತ್ರ ಸರಿಸಿದರೆ ಶೀಟ್ ಏನೂ ಹೇಳುವುದಿಲ್ಲ.

ನಡುವೆ ಯಾರದ್ದೋ ನಿಯೋಜನೆ ಬದಲಾಯಿತು. ಹೊಸ ಹಾಳೆ ಬರೆಸಬೇಕೇ?

ಅವರೊಬ್ಬರ ಸಾಲನ್ನು ಮಾತ್ರ ಹೊಸದಾಗಿ ಬರೆಸಿ, ಅದರ ಫೋಟೋ ತೆಗೆಯಿರಿ, ಚೌಕಟ್ಟಿನೊಳಗೆ ತಾರೀಕು ಕಾಣುವ ಹಾಗೆ. ಗ್ರೂಪಿನಲ್ಲಿ ಹಳೆಯ ಫೋಟೋಗೆ ಯಾರೋ ಉತ್ತರಿಸಿದಾಗ ಅದು ಮತ್ತೆ ಕೆಳಗೆ ಬಂದು ಹೊಸದರಂತೆ ಕಾಣುತ್ತದೆ, ನಾನು ಒಮ್ಮೆ ಅದನ್ನೇ ನೋಡಿ ಜುಲೈ ಪಟ್ಟಿಯನ್ನು ಜೂನ್ ಬಿಡುವಿನ ಮೇಲೆ ಮಾಡಿದ್ದೆ. ಆಮೇಲೆ ಬೇಕಾದದ್ದು, ಸಿಗುವುದು ಎರಡು ಸಂಖ್ಯೆ ಮತ್ತೆ ನೋಡಿ. ಕೂಡಿದರೆ ಕ್ಲ್ಯಾಶ್ ಬಿದ್ದ ಮನೆಗಳಿಗೆ ಮಾತ್ರ ಸರಪಳಿ ನಡೆಸಿ, ಬದಲಾದ ತರಗತಿಗಳಿಗೆ ಮಾತ್ರ ಹೊಸ ಪ್ರತಿ ಅಂಟಿಸಿ. ಇಡೀ ಟೈಂಟೇಬಲ್ ಹೊಸದಾಗಿ ಅಂಟಿಸಿದರೆ ಒಂದು ವಾರ ಎಲ್ಲರೂ ತಪ್ಪು ಕೋಣೆಗೇ ಹೋಗುತ್ತಾರೆ, ಎಚ್.ಎಂ. ಕೂಡ.